ಸೋಮವಾರ ಎಂಟೂವರೆಗೆ ಹಾಜರಾಗತಕ್ಕದ್ದು

ನಾನು ಡಿ.ವಿ.ಜಿ. ಹುಟ್ಟಿದ ಊರಿನವನು. ಮುಳಬಾಗಿಲಿನ ನೀರು ಕುಡಿದವನಿಗೆ ನಾಲ್ಕಕ್ಷರ ಬರೆಯುವ ಚಪಲ ಇರಲೇಬೇಕಲ್ಲ, ನನಗೂ ಇದೆ. ಆದರೆ ನಾನು ಕೈಯಾಡಿಸುವ ಸಾಹಿತ್ಯ ಪ್ರಕಾರವನ್ನು ಇದುವರೆಗೆ ಯಾವ ವಿಮರ್ಶಕನೂ ಗಮನಿಸಿಲ್ಲ. ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಎಚ್.ಆರ್. ವಿಭಾಗದಲ್ಲಿ ಕೂತು, ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಸ್ವಾಗತದ ಇಮೇಲ್ ಬರೆಯುತ್ತೇನೆ. ಎಷ್ಟು ಹೊತ್ತಿಗೆ ಬರಬೇಕು, ಏನೇನು ಕಾಗದ ತರಬೇಕು, ಬಂದು ಯಾರನ್ನು ಕಾಣಬೇಕು. 2013ರಲ್ಲಿ ಹೋಂಡಾದವರ ದ್ವಿಚಕ್ರ ವಾಹನ ಕಾರ್ಖಾನೆ ನರಸಾಪುರಕ್ಕೆ ಬಂತು. ಅದರ ಹಿಂದೆ ಮುಂದೆ ಬಂದ ಕಾರ್ಖಾನೆಗಳಿಂದಾಗಿ ನನ್ನಂಥ ಲೇಖಕರಿಗೆ ಕೋಲಾರ ಜಿಲ್ಲೆಯಲ್ಲಿ ಓದುಗರ ಕೊರತೆಯಿಲ್ಲ.

ಓದುಗರಿದ್ದಾರೆ, ಗೌರವವಿಲ್ಲ. ನೆಂಟರು ಬಂದು “ಮಗ ಏನು ಮಾಡ್ಕೊಂಡಿದಾನೆ?” ಎಂದು ಕೇಳಿದರೆ ಅಮ್ಮ ಹೇಳುವುದು ಹೀಗೆ: “ಏನಿಲ್ಲ ಕಣಮ್ಮ, ಕಂಪನೀಲಿ ಬಂದೋರ್ನ ಬನ್ನಿ ಅನ್ನೋ ಕೆಲಸ. ಅದಕ್ಕೂ ಸಂಬಳ ಕೊಡ್ತಾರೆ, ನೋಡು.”

ಅಮ್ಮನಿಗೆ ಗೊತ್ತಿಲ್ಲದ್ದು ಏನೆಂದರೆ, ನನ್ನ ಇಮೇಲಿನ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಫೋನ್ ಕರೆಯ ತಪಸ್ಸಿದೆ. ಮೊದಲು ನಾನು ಬರೀ “ಅಂಕಪಟ್ಟಿಗಳ ಮೂಲಪ್ರತಿ ತನ್ನಿ” ಎಂದು ಬರೆಯುತ್ತಿದ್ದೆ. ಮಾಲೂರಿನ ಹುಡುಗನೊಬ್ಬನ ತಂದೆ ಫೋನ್ ಮಾಡಿ, “ಸಾರ್, ಇಟ್ಕೊಂಬಿಡ್ತೀರಾ?” ಎಂದರು. ಯಾವುದೋ ಕಂಪನಿಯವರು ಅವರ ದೊಡ್ಡ ಮಗನ ಕಾಗದಗಳನ್ನು ಇಟ್ಟುಕೊಂಡು, ಅವನು ಕೆಲಸ ಬಿಟ್ಟಾಗ ಕೊಡದೆ ಸತಾಯಿಸಿದ್ದರಂತೆ. ಅಂದಿನಿಂದ “ಮೂಲಪ್ರತಿಗಳನ್ನು ತಾಳೆ ನೋಡಿ ನಿಮ್ಮ ಎದುರಿಗೇ ವಾಪಸು ಕೊಡಲಾಗುವುದು, ಜೆರಾಕ್ಸ್ ಒಂದು ಸೆಟ್ ಮಾತ್ರ ನಮಗೆ” ಎಂಬ ಸಾಲು ಸೇರಿತು. ಒಬ್ಬ ಹುಡುಗ ಮೊಬೈಲಿನ ಮ್ಯಾಪಿನಲ್ಲಿ ಹುಡುಕಿ, ಗೋದಾವರಿ ಪಕ್ಕದ ನರಸಾಪುರವನ್ನು ನೋಡಿ, “ಹಾಸ್ಟೆಲ್ ಇದೆಯಾ ಸಾರ್?” ಎಂದು ಕೇಳಿದ ಮೇಲೆ ವಿಳಾಸದಲ್ಲಿ “ಕೋಲಾರ ತಾಲ್ಲೂಕು” ಬಂತು. ಶ್ರೀನಿವಾಸಪುರ ಕಡೆಯ ಹುಡುಗಿಯ ಅಜ್ಜಿ ಕ್ಯಾಂಟೀನಿನಲ್ಲಿ ಮುದ್ದೆ ಉಂಟೋ ಇಲ್ಲವೋ ಎಂದು ವಿಚಾರಿಸಿದ ಮೇಲೆ “ಮಧ್ಯಾಹ್ನದ ಊಟ ಕಂಪನಿಯದ್ದು” ಎಂಬುದೂ ಸೇರಿತು. ಮುದ್ದೆಯ ವಿಷಯ ಮೇಲಿನವರು ಹೊಡೆದುಹಾಕಿದರು. ಸ್ವಾಗತದ ಇಮೇಲನ್ನು ಕಳಿಸುವುದು ಒಬ್ಬರಿಗೆ, ಅದನ್ನು ಓದುವುದು ಮಾತ್ರ ಇಡೀ ಮನೆ.

ಇಂಥ ಅನುಭವಸ್ಥನ ಮನೆಗೇ ಒಂದು ಮಂಗಳವಾರ ಇನ್ನೊಂದು ಕಂಪನಿಯ ಸ್ವಾಗತದ ಇಮೇಲ್ ಬಂತು. ಬಂದದ್ದು ನಮ್ಮವಳಿಗೆ. ಬಿ.ಕಾಂ. ಓದಿ, ಮದುವೆಗೆ ಮುಂಚೆ ಬೆಂಗಳೂರಿನ ಗಾರ್ಮೆಂಟ್ಸ್ ಒಂದರ ಲೆಕ್ಕಪತ್ರ ವಿಭಾಗದಲ್ಲಿದ್ದವಳು, ಮಗ ಸ್ಕೂಲಿಗೆ ಹೋಗಲು ಶುರುಮಾಡಿದ ಮೇಲೆ ಮತ್ತೆ ಅರ್ಜಿ ಹಾಕಿದ್ದಳು. ನರಸಾಪುರದಲ್ಲೇ ಕೆಲಸ. “ಓದ್ತೀರಾ?” ಎಂದು ಮೊಬೈಲ್ ನನ್ನ ಕೈಗೆ ಕೊಟ್ಟಳು. ಓದುವುದೇನು, ಕೆಂಪು ಪೆನ್ನು ತಂದೆ.

ಇಮೇಲ್ ಆರೇಳು ಸಾಲಿನದು. ಸೋಮವಾರ ಬೆಳಿಗ್ಗೆ 8.30ಕ್ಕೆ ಎರಡನೇ ಗೇಟಿಗೆ ಬನ್ನಿ, ದಾಖಲೆಗಳ ಪಟ್ಟಿ ಕೆಳಗಿದೆ, ಬಂದ ಮೇಲೆ ಎಚ್.ಆರ್. ವಿಭಾಗವನ್ನು ಸಂಪರ್ಕಿಸಿ. ಮುಗೀತು.

“ನೋಡು, ಇಲ್ಲೇ ಇವರು ಎಡವಿರೋದು” ಎಂದು ನಾನು ಕುರ್ಚಿ ಎಳೆದುಕೊಂಡೆ. ಗೇಟಿನ ಹೊರಗೆ ನಿಂತವರಿಗೆ ಎಚ್.ಆರ್. ವಿಭಾಗ ಕಾಣುವುದಿಲ್ಲ. ಕಾಣುವವನು ಸೆಕ್ಯುರಿಟಿ. ಅವನ ಕೈಯಲ್ಲಿ ಹಿಂದಿನ ಸಂಜೆ ಎಚ್.ಆರ್.ನವರು ಕಳಿಸಿದ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಹೆಸರಿದ್ದರೆ ಒಳಗೆ, ಇಲ್ಲದಿದ್ದರೆ ಮರದ ಕೆಳಗೆ. ಪಟ್ಟಿಯಲ್ಲಿ ಇರುವುದು ಆಧಾರ್ ಕಾರ್ಡಿನ ಹೆಸರು. ಮನೆಯಲ್ಲಿ ಕರೆಯುವ ಹೆಸರು ಹೇಳಿದರೆ ಅವನು ತಲೆ ಎತ್ತುವುದಿಲ್ಲ. ಪಟ್ಟಿ ಕಳಿಸಲು ಮರೆತಿದ್ದರೆ ಅವನು ಒಳಗಿನ ಫೋನಿಗೆ ಮಾಡುತ್ತಾನೆ, ಒಂಬತ್ತಕ್ಕೆ ಮುಂಚೆ ಅದನ್ನು ಎತ್ತುವವರಿಲ್ಲ. ಅದಕ್ಕೇ ಇಮೇಲಿನಲ್ಲಿ ವಿಭಾಗದ ಹೆಸರು ಸಾಲದು, ಮನುಷ್ಯರ ಹೆಸರು ಬೇಕು. ಅದೂ ಇಬ್ಬರದು, ಮೊಬೈಲ್ ನಂಬರ್ ಸಮೇತ. ಒಬ್ಬರು ರಜೆ ಹಾಕಿದರೆ ಇನ್ನೊಬ್ಬರು ಬೇಕಲ್ಲ.

“ನಿಮ್ಮ ಇಮೇಲಲ್ಲಿ ಯಾರ ಹೆಸರು ಇರತ್ತೆ?” ಎಂದಳು.

“ಒಂದು ನಮ್ಮ ಮೇಡಂದು. ಇನ್ನೊಂದು ನಂದೇ.”

“ಎಂಟೂವರೆಗೆ ನೀವು ಎಲ್ಲಿರ್ತೀರಾ?”

ನಾನು ಎಂಟೂವರೆಗೆ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿರುತ್ತೇನೆಂಬುದು ಅವಳಿಗೆ ಗೊತ್ತಿರುವ ವಿಷಯ. ಮುಂದಿನ ಸಾಲಿಗೆ ಹೋದೆ.

ಮುಂದಿನ ಸಾಲು ದಾಖಲೆಗಳದ್ದು. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಎಸ್ಸೆಸ್ಸೆಲ್ಸಿಯಿಂದ ಪದವಿಯವರೆಗಿನ ಅಂಕಪಟ್ಟಿಗಳು, ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್, ಫೋಟೊ, ಮತ್ತು ಹಿಂದೆ ಪಿಎಫ್ ಇದ್ದರೆ ಯುಎಎನ್ ಸಂಖ್ಯೆ. ಅಂಕಪಟ್ಟಿಗಳನ್ನು ಅಮ್ಮ ದೇವರ ಮನೆಯಲ್ಲಿ ಇಟ್ಟಿದ್ದಳು. ಕೆಲಸ ಸಿಕ್ಕ ದಿನ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ, ಕುರುಡುಮಲೆ ಗಣಪನ ಮುಂದೆ ಇಟ್ಟು ತಂದಿದ್ದರಿಂದ ಅವು ಮದುವೆ ಕರೆಯೋಲೆಯ ಕಳೆ ಪಡೆದಿದ್ದವು. ಮುಳಬಾಗಿಲು ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯವನು, “ಮೂಲೆ ಕಪ್ಪಗೆ ಬರತ್ತೆ, ಪರವಾಗಿಲ್ವಾ?” ಎಂದ. ನಮ್ಮ ಕಂಪನಿಗೆ ಬರುವ ಕಾಗದಗಳ ಮೂಲೆಗಳು ಯಾಕೆ ಕಪ್ಪಗಿರುತ್ತವೆ ಎಂಬುದು ನನಗೆ ಆಗ ತಿಳಿಯಿತು.

ನಿಜವಾದ ಕಥೆ ಇದ್ದದ್ದು ಹೆಸರಿನಲ್ಲಿ. ನಮ್ಮವಳ ಹೆಸರನ್ನು ಇಲ್ಲಿ ಬರೆದರೆ ನನಗೆ ಊಟವಿಲ್ಲ, ಮಂಜುಳ ಎಂದಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವಳು MANJULA N. ಆ ಎನ್ ಅವರಪ್ಪ ನಾರಾಯಣಪ್ಪನವರದು. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ಹಾಗಾಗಿ ಪ್ಯಾನಿನಲ್ಲಿ ಅವಳು MANJULA NARAYANAPPA. ಆಧಾರ್ ಮಾಡಿಸುವಾಗ ಕೌಂಟರಿನ ಹುಡುಗ ಆತುರದಲ್ಲಿದ್ದ, ಬರೀ MANJULA. ಬ್ಯಾಂಕಿನವರು ಹಳ್ಳಿ ಹೆಣ್ಣುಮಗಳೆಂದು ಗೌರವ ಕೊಟ್ಟು ಮಂಜುಳಮ್ಮ ಮಾಡಿದ್ದರು. ಕೋಲಾರ ಸೀಮೆಯಲ್ಲಿ ಇನಿಷಿಯಲ್ ಹೊತ್ತು ಹುಟ್ಟಿದ ನಮ್ಮೆಲ್ಲರದೂ ಇದೇ ಪಾಡು. ನಾನು ಕಂಪನಿಯಲ್ಲಿ ದಿನವೂ ಇಂಥವರನ್ನು ಸಾಲಾಗಿ ನಿಲ್ಲಿಸಿ, “ಏನ್ರೀ, ನಿಮಗೆ ನಿಮ್ಮ ಹೆಸರೇ ಗೊತ್ತಿಲ್ವಾ?” ಎಂದು ಗದರುತ್ತೇನೆ. ಮನೆಯಲ್ಲಿ ಒಂದೇ ಹೆಂಡತಿ ಎಂದುಕೊಂಡು ಇಷ್ಟು ವರ್ಷ ಸಂಸಾರ ಮಾಡಿದ್ದೆ, ದಾಖಲೆಗಳ ಪ್ರಕಾರ ನಾಲ್ವರಿದ್ದರು.

ಬ್ಯಾಂಕಿನದು ಸುಲಭ, ಆಧಾರ್ ತೋರಿಸಿ ಅರ್ಜಿ ಕೊಟ್ಟರೆ ತಿದ್ದುತ್ತಾರೆ. ಗಂಟು ಇರುವುದು ಪಿಎಫ್‌ನಲ್ಲಿ. ಆಧಾರ್ ಜೋಡಣೆಯಾಗದ ಯುಎಎನ್‌ಗೆ 2021ರ ಸೆಪ್ಟೆಂಬರಿನಿಂದ ಕಂಪನಿ ಪಿಎಫ್ ಕಟ್ಟಲು ಬರುವುದಿಲ್ಲ. ಹೆಸರು, ಹುಟ್ಟಿದ ದಿನ, ಲಿಂಗ ಮೂರೂ ತಾಳೆಯಾಗದೆ ಜೋಡಣೆ ಆಗುವುದಿಲ್ಲ. ಗಾರ್ಮೆಂಟ್ಸ್‌ನವರು ಅವಳ ಯುಎಎನ್ ಮಾಡಿಸಿದ್ದು ಅಂಕಪಟ್ಟಿ ನೋಡಿ, ಇನಿಷಿಯಲ್ ಸಮೇತ. ಅದು 2016ರದು. 2017ರ ಅಕ್ಟೋಬರ್ 1ರಿಂದ ಈಚೆಗೆ ಆಧಾರ್ ಮೇಲೆ ಪಡೆದ ಯುಎಎನ್ ಆದರೆ ಹೆಸರನ್ನು ಸದಸ್ಯರೇ ತಿದ್ದಿಕೊಳ್ಳಬಹುದು. ಅದಕ್ಕೆ ಹಿಂದಿನದಾದರೆ ಮಾಲೀಕರ ಒಪ್ಪಿಗೆ ಬೇಕು.

“ಹೊಸ ಯುಎಎನ್ ಮಾಡ್ಸಿದ್ರೆ ಆಗಲ್ವಾ?” ಎಂದಳು. ಬಹಳ ಜನ ಹೀಗೇ ಯೋಚಿಸುತ್ತಾರೆ. ಸೇರುವ ದಿನ ಕೊಡುವ ಫಾರ್ಮ್ 11ರಲ್ಲಿ ‘ಹಿಂದೆ ಪಿಎಫ್ ಸದಸ್ಯರಾಗಿದ್ದಿರಾ’ ಎಂದು ಕೇಳಿದರೆ, ಯಾಕೆ ಬೇಕು ರಗಳೆ ಎಂದು ‘ಇಲ್ಲ’ ಎಂದು ಬರೆದುಬಿಡುತ್ತಾರೆ. ಆಗ ಒಬ್ಬರಿಗೇ ಎರಡು ಖಾತೆ ಆಗಿ ಹಳೆಯ ದುಡ್ಡು ಒಂದು ಕಡೆ, ಹೊಸದು ಇನ್ನೊಂದು ಕಡೆ ಉಳಿಯುತ್ತದೆ. ಪಿಂಚಣಿಗೆ 10 ವರ್ಷ ಸೇವೆ ಬೇಕಲ್ಲ, ಹಳೆಯ ವರ್ಷಗಳು ಆ ಲೆಕ್ಕಕ್ಕೆ ಬರಬೇಕಾದರೆ ಖಾತೆಗಳು ಸೇರಬೇಕು. ಹಾಗಾಗಿ ಹಳೆಯದನ್ನೇ ಎಬ್ಬಿಸಬೇಕು ಎಂದು ತೀರ್ಪು ಕೊಟ್ಟೆ. ಹನ್ನೆರಡಂಕಿಯ ಸಂಖ್ಯೆ ಹಳೆಯ ಪೇಸ್ಲಿಪ್ಪಿನಲ್ಲಿ ಸಿಕ್ಕಿತು. ಪಾಸ್‌ವರ್ಡ್ ಯಾರಿಗೆ ನೆನಪಿದೆ? ಮರೆತವರಿಗೆಂದು ಇಟ್ಟಿರುವ ಕೊಂಡಿ ಒತ್ತಿ, ಕೇಳಿದ್ದೆಲ್ಲ ತುಂಬಿಸಿದೆ. ಆಧಾರಿಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಕಳಿಸಿದ್ದೇವೆ ಎಂದು ತೋರಿಸಿತು.

ನಾವಿಬ್ಬರೂ ಅವಳ ಮೊಬೈಲನ್ನು ನೋಡುತ್ತ ಕೂತೆವು. ಅದು ಸುಮ್ಮನಿತ್ತು.

“ಆಧಾರ್‌ಗೆ ಅಪ್ಪನ ನಂಬರ್ ಕೊಟ್ಟಿದ್ದೆ” ಎಂದಳು ಮೆಲ್ಲಗೆ.

ನಮ್ಮ ಮಾವ ಶ್ರೀನಿವಾಸಪುರದ ಹತ್ತಿರದ ಹಳ್ಳಿಯಲ್ಲಿ ಮಾವಿನ ತೋಟ ಇಟ್ಟುಕೊಂಡವರು. ಹಣ್ಣಿನ ಕಾಲ. ಫೋನ್ ಮಾಡಿದೆ. “ಮಾವ, ನಿಮ್ಮ ಮೊಬೈಲಿಗೆ ಈಗ ಒಂದು ಮೆಸೇಜ್ ಬಂದಿದೆ, ಅದರಲ್ಲಿ ಒಂದು ನಂಬರ್ ಇದೆ, ಸ್ವಲ್ಪ ಓದಿ ಹೇಳಿ.”

ಆ ಕಡೆ ಮೌನ. ಆಮೇಲೆ ಕೇಳಿದರು: “ಯಾರು ಮಾತಾಡೋದು?”

“ನಾನು ಮಾವ, ಮುಳಬಾಗಿಲು.”

“ದನಿ ಅಳಿಯಂದ್ರ ಥರಾನೇ ಇದೆ. ಈಗೀಗ ದನೀನೂ ಮಾಡ್ತಾರಂತೆ.”

“ಮಾವ, ನಿಮ್ಮ ಮಗಳ ಪಿಎಫ್‌ಗೆ...”

“ಒಟಿಪಿ ಯಾರಿಗೂ ಹೇಳಬೇಡಿ ಅಂತ ಬ್ಯಾಂಕ್ನೋರು ದಿನಾ ಮೆಸೇಜ್ ಹಾಕ್ತಾರೆ. ಯಾರಿಗೂ ಅಂದ್ರೆ ಯಾರಿಗೂ. ಅಳಿಯಂದ್ರಿಗೆ ಬಿಟ್ಟು ಅಂತ ಅದರಲ್ಲಿ ಇಲ್ಲ.” ಫೋನ್ ಇಟ್ಟರು.

ಮತ್ತೆ ಒಟಿಪಿ ಕಳಿಸಿದೆ. ಈ ಸಲ ಅವರು ಕರೆಯನ್ನೇ ಎತ್ತಲಿಲ್ಲ. ಬದಲಿಗೆ ನನ್ನ ಭಾಮೈದ ಫೋನ್ ಮಾಡಿ, “ಭಾವ, ನಿಮ್ಮ ನಂಬರ್ ಹ್ಯಾಕ್ ಆಗಿದೆಯಂತೆ, ಹುಷಾರು, ಅಪ್ಪ ಊರಿಗೆಲ್ಲ ಹೇಳ್ತಿದಾರೆ” ಎಂದ. ಕಂಪನಿಯಲ್ಲಿ ಕೂತು ನಾನು “ಆಧಾರಿಗೆ ಜೋಡಿಸಿದ ಮೊಬೈಲನ್ನು ತಪ್ಪದೆ ಜೊತೆಗೆ ತನ್ನಿ” ಎಂದು ಬರೆಯುತ್ತೇನಲ್ಲ, ಆ ಮೊಬೈಲಿನ ಜೊತೆ ಅದರ ಯಜಮಾನನೂ ಬರಬೇಕಾಗುತ್ತದೆಂದು ನನಗೆ ಹೊಳೆದಿರಲಿಲ್ಲ. ಹೊಸದಾಗಿ ಯುಎಎನ್ ಮಾಡಿಸುವವರಿಗಂತೂ 2025ರ ಆಗಸ್ಟಿನಿಂದ ಉಮಂಗ್ ಆ್ಯಪಿನಲ್ಲಿ ಮುಖ ತೋರಿಸುವ ಕಟ್ಟಳೆಯೂ ಬಂದಿದೆ. ನರಸಾಪುರದ ಎಷ್ಟೋ ಕಾರ್ಖಾನೆಗಳಲ್ಲಿ ಕ್ಯಾಮೆರಾ ಇರುವ ಮೊಬೈಲನ್ನು ಗೇಟಿನ ಲಾಕರಿನಲ್ಲೇ ಇಡಿಸುತ್ತಾರೆ. ಒಳಗೆ ಫಾರ್ಮು, ಹೊರಗೆ ಒಟಿಪಿ. ಈ ಕೆಲಸವನ್ನು ಮನೆಯಲ್ಲೇ ಮುಗಿಸಿಕೊಂಡು ಬನ್ನಿ ಎಂದು ಇಮೇಲಿನಲ್ಲಿ ಮೊದಲ ಸಾಲಿಗೇ ಬರೆಯಬೇಕು. ಹಾಗೆಂದು ಕೆಂಪು ಪೆನ್ನಿನಲ್ಲಿ ಬರೆದೆ. ಇದರೊಂದಿಗೆ ಅವರ ಆರೇಳು ಸಾಲಿನ ಇಮೇಲ್ ನನ್ನ ತಿದ್ದುಪಡಿಗಳಿಂದ ನಾಲ್ಕು ಪುಟವಾಗಿತ್ತು.

ಶನಿವಾರ ನಮ್ಮವಳು ಯಾರ ಮಾತಿಗೂ ಕಾಯದೆ ಶಕ್ತಿ ಯೋಜನೆಯ ಉಚಿತ ಬಸ್ಸು ಹತ್ತಿ ತವರಿಗೆ ಹೋದಳು. ಅಪ್ಪನ ಪಕ್ಕ ತೋಟದಲ್ಲಿ ಕೂತು, ಅವರ ಮೊಬೈಲನ್ನು ಒಂದು ಕೈಯಲ್ಲಿ, ತನ್ನದನ್ನು ಇನ್ನೊಂದು ಕೈಯಲ್ಲಿ ಹಿಡಿದು ಪಾಸ್‌ವರ್ಡ್ ಬದಲಿಸಿ, ಹೆಸರು ತಿದ್ದುವ ಅರ್ಜಿಗೆ ಬೇಕಾದ ಆಧಾರ್ ಪ್ರತಿ ಇಳಿಸಿಕೊಂಡು, ಸಂಜೆ ಬಾದಾಮಿ ಹಣ್ಣಿನ ಚೀಲದ ಸಮೇತ ವಾಪಸು ಬಂದಳು. “ಅಪ್ಪ ನಿಮ್ಮನ್ನ ಕೇಳಿದ್ರು. ನಿಮ್ಮ ಫೋನ್ ಸರಿಹೋಯ್ತಾ ಅಂತ.”

ಇನ್ನು ಉಳಿದದ್ದು ವೇಳೆಯ ಪ್ರಶ್ನೆ. ಅದನ್ನು ಭಾನುವಾರ ಸಂಜೆ ಅಮ್ಮ ಎತ್ತಿದಳು. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ಕಂಪನಿಯವರು ಕರೆದಿರುವುದು ಎಂಟೂವರೆಗೆ. “ಪಂಚಾಂಗ ನೋಡದೆ ಇಮೇಲ್ ಬರೀತಾರಾ?” ಎಂದು ಅಮ್ಮ ಕೇಳಿದ್ದು ನನ್ನನ್ನು, ನಾನೇ ಕಳಿಸಿದ ಹಾಗೆ. ವಿಚಾರ ಮಾಡಿದರೆ ಹೊಸಬರನ್ನು ಸೋಮವಾರ ಎಂಟೂವರೆಗೆ ಕರೆಯುವುದು ನಮ್ಮ ಕಾರ್ಖಾನೆಯ ವಾಡಿಕೆಯೂ ಹೌದು. ಶಿಫ್ಟಿನ ಗದ್ದಲ ಮುಗಿದಿರುತ್ತದೆ, ಗೇಟು ಖಾಲಿ ಇರುತ್ತದೆ. ಅದು ಯಾಕೆ ಖಾಲಿ ಇರುತ್ತದೆ ಎಂಬುದಕ್ಕೆ ಅಮ್ಮನ ಬಳಿ ಬೇರೆ ಕಾರಣವಿತ್ತು.

ಮನೆ ಬಿಡುವ ಹೊತ್ತು ಲೆಕ್ಕಕ್ಕೋ, ಗೇಟು ದಾಟುವ ಹೊತ್ತು ಲೆಕ್ಕಕ್ಕೋ? ನಾನು ಕಂಪನಿಯ ಪರವಾಗಿ ವಾದಿಸಿದೆ. ಕೋಲಾರದವರೆಗೇ ಮೂವತ್ತು ಕಿಲೋಮೀಟರು, ಅಲ್ಲಿಂದ ನರಸಾಪುರ ಇನ್ನೂ ಮುಂದೆ, ಹೆದ್ದಾರಿಯಲ್ಲಿ ಇಳಿದು ಆಟೋ ಹಿಡಿಯಬೇಕು. ಏಳಕ್ಕೆ ಹೊರಟರೇ ಸರಿ, ಆಗ ರಾಹುಕಾಲ ಹುಟ್ಟಿರುವುದೇ ಇಲ್ಲ. ಅಮ್ಮ ಒಪ್ಪಲಿಲ್ಲ. ಕೊನೆಗೆ ಹಳೆಯ ಉಪಾಯಕ್ಕೆ ಬಂದಳು: ಪ್ರಸ್ಥಾನ ಇಡುವುದು. ಒಳ್ಳೆಯ ಹೊತ್ತಿನಲ್ಲಿ ಪ್ರಯಾಣದ ಗಂಟನ್ನು ಪಕ್ಕದ ಮನೆಯಲ್ಲಿ ಇಟ್ಟುಬಿಟ್ಟರೆ ಹೊರಟಂತೆಯೇ ಲೆಕ್ಕ, ಮರುದಿನ ಯಾವಾಗ ಬೇಕಾದರೂ ಎತ್ತಿಕೊಂಡು ನಡೆಯಬಹುದು. ಭಾನುವಾರ ರಾತ್ರಿ ನಾನೇ ಕೈಯಾರೆ ನಮ್ಮವಳ ಬ್ಯಾಗನ್ನು ಪಕ್ಕದ ಮನೆಗೆ ಒಯ್ದು ಇಟ್ಟು ಬಂದೆ. ಹೊರಡುವ ಗಂಟು ಬರಿದಾಗಿ ಇರಬಾರದೆಂದು ಫೈಲನ್ನೂ ಅದರೊಳಗೇ ಸೇರಿಸಿದೆ.

ಪಕ್ಕದ ಮನೆಯವರು ಟೊಮೇಟೊ ಬೆಳೆಗಾರರು. ಸೋಮವಾರ ಬೆಳಕು ಹರಿಯುವ ಮುಂಚೆಯೇ ಮನೆಮಂದಿಯೆಲ್ಲ ಬೀಗ ಹಾಕಿಕೊಂಡು, ಒಬ್ಬರು ಬಾಕ್ಸುಗಳ ಜೊತೆ ಕೋಲಾರದ ಎಪಿಎಂಸಿಗೆ, ಮಿಕ್ಕವರು ತೋಟಕ್ಕೆ ಹೋಗಿಬಿಟ್ಟಿದ್ದರು. ಆರೂಮುಕ್ಕಾಲಿಗೆ ನಾನು ಆ ಬೀಗವನ್ನು ಹಿಡಿದು ಅಲ್ಲಾಡಿಸುತ್ತಿದ್ದೆ. ಕಿಟಕಿಯಿಂದ ಬ್ಯಾಗು ಕಾಣುತ್ತಿತ್ತು. ಮಂಡಿಯಲ್ಲಿ ಹರಾಜು ನಡೆಯುವಾಗ ಯಾರು ಫೋನ್ ಎತ್ತುತ್ತಾರೆ? ಅಮ್ಮ, “ನೋಡಿದ್ಯಾ, ರಾಹು ಈಗಲೇ ಬಂದು ಕೂತಿದಾನೆ” ಎಂದಳು. ಮೊದಲ ದಿನವೇ ಕಾಗದವಿಲ್ಲದೆ ಬಂದವರನ್ನು ನಾನು ಹೇಗೆ ನೋಡುತ್ತೇನೆಂದು ನೆನೆಸಿಕೊಂಡು ಬೆವರಿದೆ.

ನಮ್ಮವಳು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಬಂದಳು. ಕೈಯಲ್ಲಿ ಅವಳ ಹಳೆಯ ಕಾಲೇಜು ಚೀಲ. “ಕಾಗದ ಎಲ್ಲ ಇದರಲ್ಲಿದೆ. ನಿನ್ನೆ ಸಂಜೇನೇ ತೆಗೆದಿಟ್ಕೊಂಡೆ.”

“ಹಾಗಾದ್ರೆ ಆ ಫೈಲಲ್ಲಿ?”

“ನಿಮ್ಮ ನಾಲ್ಕು ಪುಟ.”

ನನ್ನ ಸಾಹಿತ್ಯ ಪಕ್ಕದ ಮನೆಯಲ್ಲಿ ಬೀಗದೊಳಗೆ ಭದ್ರವಾಗಿತ್ತು. ಅವಳು ಏಳರ ಬಸ್ಸು ಹಿಡಿದಳು. ನಾನು ಎಂದಿನಂತೆ ಮುಂದಿನದಕ್ಕೆ ಹೋದೆ.

ಸಂಜೆ ಮನೆಯವರೆಲ್ಲ ಸುತ್ತ ಕೂತು ವರದಿ ಕೇಳಿದೆವು. ಸೆಕ್ಯುರಿಟಿಯ ಪಟ್ಟಿಯಲ್ಲಿ ಹೆಸರು ಬರೀ ಮಂಜುಳ ಎಂದಿತ್ತು, ಇವಳು ಆಧಾರ್ ಕಾರ್ಡನ್ನೇ ಮುಂದೆ ಹಿಡಿದಳು, ಒಂದು ಮಾತಿಲ್ಲದೆ ಒಳಗೆ ಬಿಟ್ಟ. ಎಚ್.ಆರ್.ನಲ್ಲಿ ಚಿಕ್ಕ ಹುಡುಗಿಯೊಬ್ಬಳು ಮೂಲಪ್ರತಿಗಳನ್ನು ತಾಳೆ ನೋಡಿ ಅಲ್ಲೇ ವಾಪಸು ಕೊಟ್ಟಳು, ಫಾರ್ಮ್ 11ರಲ್ಲಿ ಹಳೆಯ ಯುಎಎನ್ ಬರೆಸಿಕೊಂಡಳು, ಹೆಸರು ತಿದ್ದುವ ಅರ್ಜಿಗೆ ಕಂಪನಿಯ ಒಪ್ಪಿಗೆ ಈ ವಾರವೇ ಹಾಕುತ್ತೇವೆ ಎಂದಳು. ಇಷ್ಟೂ ಕೆಲಸ ಹತ್ತೂವರೆಗೆ ಮುಗಿದಿತ್ತಂತೆ. ನಮ್ಮಲ್ಲಿ ಮಧ್ಯಾಹ್ನದ ಊಟದವರೆಗೂ ಎಳೆಯುತ್ತದೆ.

“ಆಮೇಲೆ ನಾಮಿನಿ ಯಾರು ಅಂತ ಕೇಳಿದ್ರು” ಎಂದಳು. “ಮೊದಲು ಅಪ್ಪನ ಹೆಸರು ಇತ್ತು. ಮದುವೆ ಆದ ಕೂಡ್ಲೆ ಹಳೇದು ರದ್ದಾಗತ್ತಂತೆ, ಹೊಸದಾಗಿ ಬರೀಬೇಕಂತೆ.”

ಇದು ನಿಯಮ, ನನಗೆ ಗೊತ್ತಿದ್ದದ್ದೇ. ಪಿಎಫ್‌ನಲ್ಲಿ ಹೆಣ್ಣುಮಕ್ಕಳ ಕುಟುಂಬವೆಂದರೆ ಗಂಡ, ಮಕ್ಕಳು, ಅವಳನ್ನು ಅವಲಂಬಿಸಿದ ತಂದೆತಾಯಿ, ಜೊತೆಗೆ ಗಂಡನ ಅವಲಂಬಿತ ತಂದೆತಾಯಿಯೂ ಸೇರುತ್ತಾರೆ. ಪಾಲು ಎಷ್ಟೆಷ್ಟು ಎಂಬುದು ಸದಸ್ಯೆಯ ಇಷ್ಟ. ನಾನು ಸ್ವಲ್ಪ ನೆಟ್ಟಗೆ ಕೂತೆ.

“ಮಗನಿಗೆ ಅರ್ಧ ಬರೆದೆ, ಅತ್ತೆಗೆ ಅರ್ಧ.”

ಅಮ್ಮನ ಮುಖ ಅರಳಿತು. ನಾನು ಯಾರನ್ನು ನೋಡಬೇಕೆಂದು ತೋಚದೆ ಮಾವಿನ ಹಣ್ಣನ್ನು ನೋಡಿದೆ.

“ನಂಗಾ? ಅರ್ಧಾನಾ?” ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇಷ್ಟು ವರ್ಷ ಸಂಪಾದನೆ ಮಾಡಿ ಇವನು ಒಂದು ಕಾಗದದಲ್ಲಾದ್ರೂ ನನ್ನ ಹೆಸರು ಬರ್ಸಿದಾನಾ? ಅದಿರಲಿ, ಆ ದುಡ್ಡು ನನ್ನ ಕೈಗೆ ಯಾವಾಗ ಬರತ್ತೆ?”

ನಾಮಿನಿಗೆ ದುಡ್ಡು ಯಾವಾಗ ಬರುತ್ತದೆಂದು ನನಗೆ ಗೊತ್ತು. ಅದನ್ನು ಅಮ್ಮನಿಗೆ ಹೇಗೆ ಹೇಳುವುದೆಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿಲ್ಲ. ನಮ್ಮವಳೇ ಅಡುಗೆಮನೆಯಿಂದ ಕೂಗಿದಳು:

“ಅದಕ್ಕೆ ಮೊದಲು ನಾನು ಹೋಗಬೇಕು, ಅತ್ತೆ.”

“ಹೋಗಮ್ಮಾ, ಬೇಡ ಅಂದೋರು ಯಾರು?” ಎಂದಳು ಅಮ್ಮ. “ರಾಹುಕಾಲ ಒಂದು ನೋಡ್ಕೊಂಡು ಹೋಗು.”